ಮನೆಯಲ್ಲೇ ಸೋಪು ಮಾಡಿ ಮಾರುವವರು ‘ನಮ್ಮ ಬಗ್ಗೆ’ಯಲ್ಲಿ ಏನು ಬರೆಯಬೇಕು?

ಕೇಳಿದವರು: ಮನೆಯಲ್ಲೇ ಸೋಪು ಮಾಡಿ ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿ ಐದು ತಿಂಗಳಾಯಿತು. ಪರಿಚಯದವರು ತಗೊಳ್ಳುತ್ತಾರೆ. ಹೊಸಬರು ಬಂದು ಒಂದೆರಡು ಪ್ರಶ್ನೆ ಕೇಳುತ್ತಾರೆ, ಆಮೇಲೆ ಸದ್ದೇ ಇಲ್ಲ. ‘ನಮ್ಮ ಬಗ್ಗೆ’ಯಲ್ಲಿ ಸದ್ಯ ಹೀಗಿದೆ: “ಗುಣಮಟ್ಟವೇ ನಮ್ಮ ಗುರುತು. ಪ್ರೀತಿಯಿಂದ, ನೂರಕ್ಕೆ ನೂರು ನೈಸರ್ಗಿಕವಾಗಿ, ಕೆಮಿಕಲ್ ಇಲ್ಲದೆ ತಯಾರಿಸಿದ ಸೋಪುಗಳು. ನಮ್ಮ ತಂಡ ಸದಾ ನಿಮ್ಮ ಸೇವೆಯಲ್ಲಿ.” ಏನು ಬದಲಾಯಿಸಲಿ?

ಬಟ್ಟೆ ಚೀಲ ಹೊಲಿಯುವವರು: ನಿಮ್ಮ ಕಥೆ ಬರೆಯಿರಿ. ಯಾಕೆ ಶುರು ಮಾಡಿದಿರಿ, ಮೊದಲ ಸೋಪು ಹೇಗೆ ಕೆಟ್ಟುಹೋಯಿತು, ಎಲ್ಲಾ. ಜನಕ್ಕೆ ಮನುಷ್ಯರು ಇಷ್ಟ. ನಂದು ಎರಡು ಪುಟ ಇದೆ. ‘ತಂಡ’ ಅನ್ನೋದನ್ನ ಮಾತ್ರ ತೆಗೆಯಬೇಡಿ, ಒಬ್ಬರೇ ಅಂದರೆ ಹಗುರವಾಗಿ ನೋಡುತ್ತಾರೆ.

ಹಳೆಯ ಸೋಪಿನವರು: ಕಥೆ ಇರಲಿ, ಆದರೆ ಎರಡು ಸಾಲು ಸಾಕು. ಹೊಸಬರು ಅಲ್ಲಿಗೆ ಬರುವುದು ಕಥೆ ಕೇಳಲು ಅಲ್ಲ. ‘ದುಡ್ಡು ಕಳಿಸಿದ ಮೇಲೆ ಈ ಮನುಷ್ಯ ಸಿಗುತ್ತಾರಾ?’ ಅಂತ ನೋಡಲು ಬರುತ್ತಾರೆ. ‘ತಂಡ’ದ ವಿಷಯದಲ್ಲಂತೂ ನಾನು ಒಪ್ಪಲ್ಲ. ಎಲ್ಲಾ ಮೆಸೇಜಿಗೂ ಒಬ್ಬರೇ ಉತ್ತರ ಕೊಡುತ್ತಿದ್ದರೆ ಎರಡನೇ ಉತ್ತರಕ್ಕೇ ಗೊತ್ತಾಗಿಬಿಡುತ್ತದೆ. ಇದೇ ಸುಳ್ಳಾದರೆ ಮಿಕ್ಕಿದ್ದು ಎಷ್ಟು ನಿಜ ಅನ್ನೋ ಅನುಮಾನ ಅಲ್ಲಿಂದಲೇ ಶುರು.

ಇನ್ನು ‘ಕೆಮಿಕಲ್ ಇಲ್ಲ’. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಆಗಲ್ಲ, ನಿಮಗೇ ಗೊತ್ತು. ಅಳತೆ ಸರಿಯಿದ್ದರೆ ಅದು ಎಣ್ಣೆಯ ಜೊತೆ ಸೇರಿ ಸೋಪಾಗುತ್ತದೆ, ಸೋಡಾ ಆಗಿ ಉಳಿಯಲ್ಲ. ಅದನ್ನೇ ಬರೆಯಿರಿ. ವಿಷಯ ಗೊತ್ತಿರುವ ಗಿರಾಕಿ ‘ಕೆಮಿಕಲ್ ಇಲ್ಲ’ ಓದಿದ ಕೂಡಲೇ ಹೋಗಿಬಿಡುತ್ತಾರೆ, ಯಾಕೆ ಹೋದೆ ಅಂತ ಹೇಳುವುದೂ ಇಲ್ಲ. ‘ಮೊಡವೆ ಹೋಗುತ್ತದೆ’ ಅಂತ ಎಲ್ಲಾದರೂ ಬರೆದಿದ್ದರೆ ಅದನ್ನೂ ತೆಗೆಯಿರಿ. ಹಲವು ದೇಶಗಳಲ್ಲಿ ಹಾಗೆ ಹೇಳಿದರೆ ಸೋಪನ್ನು ಔಷಧಿಯ ಲೆಕ್ಕಕ್ಕೆ ಹಾಕುತ್ತಾರೆ.

ಒಂದು ಕೆಲಸ ಮಾಡಿ. ತಗೊಳ್ಳದೆ ಹೋದ ಕಡೆಯ 20 ಜನರ ಮೆಸೇಜು ತೆಗೆದು, ಅವರು ಕೊನೆಗೆ ಕೇಳಿದ ಪ್ರಶ್ನೆ ಏನು ಅಂತ ಬರೆದುಕೊಳ್ಳಿ. ಅದನ್ನು ಇಲ್ಲಿ ಹಾಕಿ.

ಮೇಣದ ಬತ್ತಿಯವರು: ಕಿಟಕಿ ಪಕ್ಕದ ಬೆಳಕಲ್ಲಿ ಫೋಟೋ ತೆಗೆಯಿರಿ. ಹಿಂದೆ ಬಿಳಿ ಬಟ್ಟೆ ಹಾಕಿ. ನನ್ನ ಮಾರಾಟ ಬದಲಾಗಿದ್ದೇ ಅದರಿಂದ.

ಕೇಳಿದವರು: ಫೋಟೋ ಪರವಾಗಿಲ್ಲ ಅಕ್ಕಾ, ನಾನು ಕೇಳಿದ್ದು ಬರಹದ ಬಗ್ಗೆ 🙂

ಮೆಸೇಜು ನೋಡಿದೆ. 20 ಇರಲಿಲ್ಲ, 17 ಸಿಕ್ಕಿತು. ಆರು ಜನ ‘ಯಾವಾಗ ತಲುಪುತ್ತೆ?’ ಅಂತ ಕೇಳಿ ಹೋಗಿದ್ದಾರೆ. ನಾಲ್ಕು ಜನ ‘ಒಣ ಚರ್ಮಕ್ಕೆ ಆಗುತ್ತಾ?’ ಅಂದಿದ್ದಾರೆ. ಮೂವರು ‘ಹೆಸರು ಬೇರೆ ತೋರಿಸ್ತಿದೆ, ಇದು ನೀವೇನಾ?’ ಅಂತ ಕೇಳಿದ್ದಾರೆ. ಖಾತೆ ನನ್ನ ಗಂಡನ ಹೆಸರಲ್ಲಿದೆ. ಉಳಿದವರದ್ದು ಏನೇನೋ.

ಹಳೆಯ ಸೋಪಿನವರು: ಆ ಮೂವರನ್ನು ಮೊದಲು ನೋಡಿ. ಅವರು ದುಡ್ಡು ಕಳಿಸುವ ಬಟನ್ ತನಕ ಬಂದಿದ್ದರು. ಅಂಗಡಿಗೆ ಒಂದು ಹೆಸರು, ಮೆಸೇಜಲ್ಲಿ ಇನ್ನೊಂದು, ಖಾತೆಯಲ್ಲಿ ಮೂರನೆಯದು. ಮೋಸ ಮಾಡುವವರದ್ದೂ ಹೀಗೇ ಇರುತ್ತದೆ ಅಲ್ವಾ? ನನಗೂ ಒಂದು ವರ್ಷ ಇದೇ ಆಗಿತ್ತು, ಕಾರಣ ಹೊಳೆದೇ ಇರಲಿಲ್ಲ. ಖಾತೆ ನಿಮ್ಮ ಹೆಸರಿಗೆ ಮಾಡಿಕೊಂಡರೆ ಒಳ್ಳೆಯದು. ಅಲ್ಲಿಯವರೆಗೆ ‘ನಮ್ಮ ಬಗ್ಗೆ’ಯಲ್ಲೇ ಹೇಳಿಬಿಡಿ. ಅವರು ಕೇಳುವ ಮೊದಲು ನೀವೇ ಹೇಳಿದರೆ ಅದು ಬರೀ ಮಾಹಿತಿ. ಕೇಳಿದ ಮೇಲೆ ಹೇಳಿದರೆ ಸಮಜಾಯಿಷಿ ಥರ ಕೇಳಿಸುತ್ತದೆ.

ಒಣ ಚರ್ಮದ ಪ್ರಶ್ನೆ ಒಂದೊಂದು ಸೋಪಿನ ಕೆಳಗೆ ಇರಬೇಕಾದ್ದು, ಇಲ್ಲಿಗೆ ತರಬೇಡಿ. ತಲುಪುವ ದಿನ ಮಾತ್ರ ಇಲ್ಲಿರಲಿ. ಒಂದು ಮಾದರಿ ಬರೆದಿದ್ದೇನೆ, ನಿಮಗೆ ನಿಜ ಅಲ್ಲದ್ದನ್ನು ತೆಗೆಯಿರಿ:

“ಈ ಸೋಪುಗಳನ್ನು ಮಾಡುವುದು, ಕತ್ತರಿಸುವುದು, ಕಟ್ಟುವುದು ನಾನೊಬ್ಬಳೇ. ಐದು ತಿಂಗಳ ಹಿಂದೆ ಶುರು ಮಾಡಿದೆ. ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಬೆರೆಸಿ, ಅಚ್ಚಿಗೆ ಹಾಕಿ, ಕತ್ತರಿಸಿದ ಮೇಲೆ ಆರು ವಾರ ಒಣಗಿಸುತ್ತೇನೆ. ಅದಕ್ಕೇ ಒಂದು ಸೋಪು ಮುಗಿದರೆ ಮತ್ತೆ ಸಿಗಲು ಸಮಯ ಹಿಡಿಯುತ್ತದೆ. ವೆನಿಲಾ ಸೋಪು ದಿನ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಟ್ಟಿದೆ ಅಂತಲ್ಲ. ದುಡ್ಡು ಬಂದ ಮೂರು ದಿನದೊಳಗೆ ಪಾರ್ಸೆಲ್ ಕಳಿಸಿ, ಅದರ ನಂಬರನ್ನು ನಿಮಗೆ ಮೆಸೇಜು ಮಾಡುತ್ತೇನೆ. ದುಡ್ಡು ಕಳಿಸುವಾಗ ನನ್ನ ಗಂಡನ ಹೆಸರು ಕಾಣುತ್ತದೆ, ಖಾತೆ ಅವರದ್ದು. ಸೋಪು ಮುರಿದು ಬಂದರೆ ಒಂದು ಫೋಟೋ ಕಳಿಸಿ, ಬೇರೆ ಕಳಿಸುತ್ತೇನೆ ಅಥವಾ ದುಡ್ಡು ವಾಪಸ್ ಮಾಡುತ್ತೇನೆ.”

ಮೊದಲ ವಾಕ್ಯ ಅಲ್ಲೇ ಇರಲಿ. ಫೋನಿನಲ್ಲಿ ತುಂಬ ಕಡೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದನ್ನು ಒತ್ತಿ ತೆರೆಯಬೇಕು. ‘ಗುಣಮಟ್ಟವೇ ನಮ್ಮ ಗುರುತು’ ಅಂತ ಓದಿ ಯಾರು ಒತ್ತುತ್ತಾರೆ?

ಬಟ್ಟೆ ಚೀಲ ಹೊಲಿಯುವವರು: ‘ಐದು ತಿಂಗಳು’ ಅಂತ ಬರೆಯಲೇಬೇಕಾ? ಅದನ್ನು ನೋಡಿದರೆ ನಾನೇ ತಗೊಳ್ಳಲ್ಲ.

ಹಳೆಯ ಸೋಪಿನವರು: ಬೇಡ ಅನ್ನಿಸಿದರೆ ಬಿಡಬಹುದು. ‘ವರ್ಷಗಳ ಅನುಭವ’ ಅಂತ ಮಾತ್ರ ಹಾಕಬೇಡಿ, ಮೊದಲ ರಿವ್ಯೂ ತಾರೀಖು ಪಕ್ಕದಲ್ಲೇ ಕಾಣುತ್ತಿರುತ್ತದೆ.

ಕ್ರೋಶಾ ಗೊಂಬೆಯವರು: ಮಾದರಿ ಚೆನ್ನಾಗಿದೆ. ಆ ‘ಮೂರು ದಿನ’ ಮಾತ್ರ ಯೋಚನೆ ಮಾಡಿ ಹಾಕಿ. ನಾನು ಉತ್ಸಾಹದಲ್ಲಿ ‘ಎರಡು ದಿನ’ ಅಂತ ಬರೆದಿದ್ದೆ. ಮಗುವಿಗೆ ಜ್ವರ ಬಂದ ವಾರ ಒಂಬತ್ತು ಆರ್ಡರ್ ತಡವಾಯಿತು. ಒಬ್ಬರು ನನ್ನ ‘ನಮ್ಮ ಬಗ್ಗೆ’ಯ ಸ್ಕ್ರೀನ್‌ಶಾಟನ್ನೇ ರಿವ್ಯೂನಲ್ಲಿ ಹಾಕಿದರು. ಅವರದ್ದು ತಪ್ಪಲ್ಲ. ಈಗ ಐದು ದಿನ ಅಂತಿದೆ, ಸಾಮಾನ್ಯವಾಗಿ ಮೂರರಲ್ಲೇ ಕಳಿಸುತ್ತೇನೆ. ರಜೆ ಇದ್ದರೆ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ತಾರೀಖು ಹಾಕುತ್ತೇನೆ, ವಾಪಸ್ ಬಂದ ದಿನವೇ ತೆಗೆಯುತ್ತೇನೆ. ಹೋದ ವರ್ಷದ ರಜೆ ಇನ್ನೂ ಹಾಗೇ ಇದ್ದರೆ ಅಂಗಡಿ ಮುಚ್ಚಿದೆ ಅಂದುಕೊಳ್ಳುತ್ತಾರೆ.

ಮುಖದ ಫೋಟೋ ಹಾಕಿದರೆ ನಂಬಿಕೆ ಬರುತ್ತದೆ ಅನ್ನೋದು ನನ್ನ ಅನುಭವ.

ಮೇಣದ ಬತ್ತಿಯವರು: ನಾನು ಹಾಕಿ ತೆಗೆದೆ. ರಾತ್ರಿ ಹೊತ್ತು ಬೇಡದ ಮೆಸೇಜು ಬರೋಕೆ ಶುರುವಾಯಿತು. ಈಗ ಕೆಲಸ ಮಾಡುವ ಕೈಗಳ ಫೋಟೋ ಇದೆ. ಮಾರಾಟ ಕಡಿಮೆಯಾದ ಹಾಗೆ ನನಗೇನೂ ಕಾಣಲಿಲ್ಲ.

ಕ್ರೋಶಾ ಗೊಂಬೆಯವರು: ಗೊಂಬೆ ತಗೊಳ್ಳುವವರು ಬಹಳ ಮಟ್ಟಿಗೆ ಅಮ್ಮಂದಿರು, ಅದಕ್ಕೂ ಇರಬಹುದು.

ಹಳೆಯ ಸೋಪಿನವರು: ಫೋಟೋ ಅವರವರ ಇಷ್ಟ. ಮನೆಯ ಪೂರ್ತಿ ವಿಳಾಸ ಮಾತ್ರ ಸುಮ್ನೆ ಅಲ್ಲಿ ಹಾಕಬೇಡಿ. ನಿಮ್ಮ ಕಡೆಯ ನಿಯಮದಲ್ಲಿ ಕೊಡಲೇಬೇಕು ಅಂತಿದ್ದರೆ ಬೇರೆ ಮಾತು. ಊರಿನ ಹೆಸರು ಸಾಕು.

ಕೇಳಿದವರು: ಬದಲಾಯಿಸಿದೆ. ‘ತಂಡ’ ಹೋಯಿತು, ‘ಕೆಮಿಕಲ್ ಇಲ್ಲ’ ಹೋಯಿತು. ನಾನು ಒಣಗಿಸುವುದು ನಾಲ್ಕೇ ವಾರ, ಅದಕ್ಕೆ ಆರು ಇದ್ದಲ್ಲಿ ನಾಲ್ಕು ಮಾಡಿದೆ. ಕಾಸ್ಟಿಕ್ ಸೋಡಾ ಅಂತ ಬರೆಯಲು ಕೈ ನಡುಗಿತು, ಆದರೂ ಬರೆದೆ. ಗಂಡನ ಹೆಸರಿನ ಸಾಲು ನೋಡಿ ಅವರಿಗೇ ನಗು.

ಹಳೆಯ ಸೋಪಿನವರು: ನಾಲ್ಕು ವಾರ ಆದರೆ ನಾಲ್ಕೇ ಬರೆಯಿರಿ, ಸರಿ. ಇನ್ನು ಎರಡು ತಿಂಗಳು ಮತ್ತೇನೂ ಬದಲಾಯಿಸಬೇಡಿ, ಫೋಟೋ ಕೂಡ. ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ. ಆಮೇಲೆ ಮತ್ತೆ ಮೆಸೇಜು ಎಣಿಸಿ. ‘ಇದು ನೀವೇನಾ’ ಅನ್ನೋರು ಇನ್ನೂ ಬರುತ್ತಿದ್ದರೆ ಆ ಸಾಲು ಯಾರ ಕಣ್ಣಿಗೂ ಬೀಳುತ್ತಿಲ್ಲ ಅಂತ ಅರ್ಥ, ಮೇಲಕ್ಕೆ ತನ್ನಿ.

ಬಟ್ಟೆ ಚೀಲ ಹೊಲಿಯುವವರು: ನನ್ನ ಎರಡು ಪುಟವನ್ನೂ ಯಾರಾದರೂ ನೋಡಿ ಹೇಳ್ತೀರಾ? ತಂಡದಲ್ಲಿ ನಮ್ಮ ಅತ್ತೆಯೂ ಇದ್ದಾರೆ, ಅದು ಸುಳ್ಳಲ್ಲ.