‘ನೀರಿನ ಬಳಕೆ’ ಅಂದರೆ ಎತ್ತಿದ್ದೋ, ಆವಿಯಾದದ್ದೋ?

ಸರಸ್ವತಿಪುರಂ, ಮೈಸೂರು:
ದೊಡ್ಡ ಭಾಷಾ ಮಾದರಿಗಳ ತರಬೇತಿಗೆ ತಗಲುವ ನೀರು, ಕರೆಂಟಿನ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಜಿಪಿಟಿ-3 ಎಂಬ ಮಾದರಿಯ ತರಬೇತಿಗೆ ಒಂದು ಲೆಕ್ಕ 7 ಲಕ್ಷ ಲೀಟರ್ ಅನ್ನುತ್ತದೆ, ಇನ್ನೊಂದು 54 ಲಕ್ಷ. ಕರಡಿನಲ್ಲಿ ಎರಡಕ್ಕೂ ‘ನೀರಿನ ಬಳಕೆ’ ಅಂತಲೇ ಇದೆ. ಓದಿದವರು ಯಾವುದನ್ನು ನಂಬಬೇಕು? ಬೇರೆ ಬೇರೆ ಪದ ಬೇಕು.

ಕುವೆಂಪುನಗರ:
‘ನೀರಿನ ಸೇವನೆ’ ಅನ್ನಿ ಮೇಡಂ. ‘ನಷ್ಟ’ ಅನ್ನುವುದು ಮಾತ್ರ ಬೇಡ. ಆವಿಯಾದ ನೀರು ಎಲ್ಲಿಗೆ ಹೋಗುತ್ತದೆ? ಮಳೆಯಾಗಿ ಬಂದೇ ಬರುತ್ತದೆ.

ಗೋಕುಲಂ:
ಮಳೆ ಬರುವುದು ನಿಜ ಸರ್, ಆದರೆ ಅದೇ ಊರಿನ ಕೆರೆಗೆ, ಅದೇ ಬೇಸಿಗೆಯಲ್ಲಿ ಬರುವುದಿಲ್ಲ. ಕಂಪ್ಯೂಟರ್ ತುಂಬಿದ ಡೇಟಾ ಕೇಂದ್ರಗಳನ್ನು ತಣ್ಣಗಾಗಿಸುವಂಥ ಕೂಲಿಂಗ್ ಟವರ್‌ಗಳ ಕೆಲಸ ಮಾಡಿದವನಾಗಿ ಹೇಳುತ್ತೇನೆ. ನೀರು ಆವಿಯಾಗುವಾಗ ಬಿಸಿಯನ್ನು ಒಯ್ಯುತ್ತದೆ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಉಪ್ಪು ಗಟ್ಟಿಯಾದರೆ ಪೈಪಿಗೆ ಕರೆ ಹಿಡಿಯುತ್ತದೆ, ಅದಕ್ಕೆ ಒಂದಿಷ್ಟು ನೀರನ್ನು ಚರಂಡಿಗೆ ಬಿಟ್ಟು ಹೊಸ ನೀರು ತುಂಬುತ್ತೇವೆ. ಉಪ್ಪಿನಂಶ ನಾಲ್ಕು ಪಟ್ಟಿಗಿಂತ ಏರಲು ಬಿಡುವುದಿಲ್ಲ ಅಂದುಕೊಳ್ಳಿ: 7 ಲಕ್ಷ ಲೀಟರ್ ಆವಿಯಾದರೆ ಸುಮಾರು 2.3 ಲಕ್ಷ ಹೊರಬಿಡಬೇಕು, ಮೀಟರಿನಲ್ಲಿ ಓಡುವುದು 9.3 ಲಕ್ಷ. ಈ ಮೂರಕ್ಕೂ ಒಂದೇ ಪದ ಹೇಗೆ ಸಾಕಾದೀತು?

ನಿಮ್ಮ 7 ಲಕ್ಷ, ಡೇಟಾ ಕೇಂದ್ರದ ಆವರಣದಲ್ಲಿ ಆವಿಯಾದದ್ದರ ಅಂದಾಜು. 54 ಲಕ್ಷಕ್ಕೆ ವಿದ್ಯುತ್ ಉತ್ಪಾದನೆಯಲ್ಲಿ ಹೋದ 47 ಲಕ್ಷವೂ ಸೇರಿದೆ. ತರಬೇತಿಗೆ ಹಿಡಿದದ್ದು ಸುಮಾರು 12.87 ಲಕ್ಷ ಯೂನಿಟ್ ಕರೆಂಟ್, ಅಂದರೆ ಯೂನಿಟ್ಟಿಗೆ ಆವರಣದಲ್ಲಿ ಅರ್ಧ ಲೀಟರಿನ ಆಸುಪಾಸು, ಹೊರಗೆ ಮೂರೂವರೆಗಿಂತ ಹೆಚ್ಚು. ಗಾಳಿಯಿಂದ ತಣ್ಣಗಾಗಿಸುವ ಕೇಂದ್ರ ‘ನಮ್ಮಲ್ಲಿ ನೀರೇ ಬೇಡ’ ಅನ್ನಬಹುದು, ಆದರೆ ಅದಕ್ಕೆ ಕರೆಂಟ್ ಹೆಚ್ಚು ಬೇಕು, ನೀರು ಉಷ್ಣವಿದ್ಯುತ್ ಸ್ಥಾವರದ ಲೆಕ್ಕಕ್ಕೆ ಹೋಗುತ್ತದೆ. ಒಂದು ಮಾದರಿಯ ಆವರಣದ ಲೆಕ್ಕವನ್ನು ಇನ್ನೊಂದರ ಒಟ್ಟು ಲೆಕ್ಕದ ಪಕ್ಕ ಇಟ್ಟರೆ ದೊಡ್ಡ ಅನ್ಯಾಯ.

ಪದಕ್ಕೆ ಬಂದರೆ, ‘ಎತ್ತಿದ ನೀರು’ ಮತ್ತು ‘ಇಂಗಿದ ನೀರು’ ಹೇಗೆ?

ಮದ್ದೂರು:
‘ಇಂಗಿದ’ ಬೇಡ ಸ್ವಾಮಿ. ನಮ್ ಕಡೆ ಇಂಗೋದು ಅಂದ್ರೆ ಭೂಮಿಗಿಳಿಯೋದು, ಇಂಗುಗುಂಡಿ ತೋಡೋದು ಅದಕ್ಕೇ ಅಲ್ವಾ? ನನ್ ಗದ್ದೇಲಿ ಇಂಗಿದ್ದು, ಬಸಿದಿದ್ದು ಕೆಳಗಿನವರ ಗದ್ದೆಗೋ ಬಾವಿಗೋ ಸಿಗುತ್ತೆ. ಭತ್ತದವರು ನೀರೆಲ್ಲಾ ಕುಡಿದುಬಿಟ್ರು ಅಂತ ನಾಲೆಗೆ ಬಿಟ್ಟಿದ್ದನ್ನೆಲ್ಲಾ ನಮ್ ತಲೆಗೇ ಕಟ್ತಾರೆ, ಬಸಿನೀರು ಕಳೆಯೋದೇ ಇಲ್ಲ. ಈ ಕಂಪ್ಯೂಟರ್‌ನೋರಿಗೆ ಮಾತ್ರ ಆವಿಯಾಗಿದ್ದಷ್ಟೇ ಲೆಕ್ಕವೋ?

ಗೋಕುಲಂ:
ನೀವು ಹೇಳಿದ್ದು ಸರಿ, ‘ಇಂಗಿದ’ ಕೈಬಿಡೋಣ. ಎರಡನ್ನೂ ಒಂದೇ ಅಳತೆಯಲ್ಲಿ ಅಳೆಯಬೇಕು ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಟವರಿನಿಂದ ಚರಂಡಿಗೆ ಬಿಟ್ಟ ಉಪ್ಪುನೀರನ್ನು ನಿಮ್ಮ ಬಸಿನೀರಿನಂತೆ ಹಾಗೇ ಗದ್ದೆಗೆ ಹಾಯಿಸಲಾಗದು. ಅದನ್ನು ‘ಮರಳಿದ ನೀರು’ ಅನ್ನಲು ನನಗೆ ಮನಸ್ಸಿಲ್ಲ.

ಸರಸ್ವತಿಪುರಂ:
ಸದ್ಯಕ್ಕೆ ‘ಎತ್ತಿದ ನೀರು’, ‘ಆವಿಯಾದ ನೀರು’ ಎಂದು ಬರೆದು, ಪ್ರತಿ ಅಂಕಿಯ ಪಕ್ಕ ‘ಆವರಣದಲ್ಲಿ’ ಅಥವಾ ‘ವಿದ್ಯುತ್ತಿನದೂ ಸೇರಿ’ ಎಂದು ಹಾಕುತ್ತೇನೆ. ಆ ಉಪ್ಪುನೀರಿಗೆ ಸ್ಥಾವರಗಳಲ್ಲಿ ಕೆಲಸ ಮಾಡುವವರ ಬಾಯಲ್ಲಿ ಕನ್ನಡದ ಪದ ಏನಾದರೂ ಇದೆಯೇ?