ವಜಾ ರದ್ದಾಯಿತು, ವಾಪಸ್ ಕರೆದ ಪತ್ರಕ್ಕೆ ಹಾಗೇ ಸಹಿ ಹಾಕಬಹುದಾ?

ಕೇಳಿದವರು, ಹಾಸನ:
ಹಾಸನದ ಹತ್ತಿರ ಒಂದು ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ 2019ರ ಜೂನ್‌ನಿಂದ ಇದ್ದೆ. ಸ್ಟಾಕ್ ಕಡಿಮೆ ಬಂತು ಅಂತ 2023ರ ನವೆಂಬರ್ 3ಕ್ಕೆ ಸಸ್ಪೆಂಡ್ ಮಾಡಿದರು. 2024ರ ಫೆಬ್ರುವರಿ 1ರಿಂದ ವಜಾ. ಕಂಪನಿಯಲ್ಲೇ ಮೇಲಿನವರಿಗೆ ಅಪೀಲ್ ಹಾಕಿದ್ದೆ. "ಆರೋಪ ಸಾಬೀತಾಗಿಲ್ಲ, ವಜಾ ಆದೇಶ ರದ್ದು" ಅಂತ ಈ ತಿಂಗಳು ಆದೇಶ ಬಂತು. ಈಗ ಪತ್ರ ಬಂದಿದೆ. 2025ರ ಏಪ್ರಿಲ್ 21ಕ್ಕೆ ಹಾಜರಾಗಬೇಕಂತೆ. ಎಲ್ಲ ಲೆಕ್ಕಕ್ಕೂ ಸೇರಿ ನಾಲ್ಕು ತಿಂಗಳ ಸಂಬಳ 74,400 ರೂಪಾಯಿ ಕೊಡ್ತಾರಂತೆ. ಒಪ್ಪಿದ್ದೇನೆ ಅಂತ ನಕಲಿಗೆ ಸಹಿ ಹಾಕಿ ತರಬೇಕಂತೆ. ಹಳೆ ಸರ್ವಿಸ್ ಬಗ್ಗೆ ಒಂದು ಮಾತೂ ಇಲ್ಲ. ಪತ್ರ ಕೈಗೆ ಸಿಕ್ಕಿದ್ದೇ ಇವತ್ತು, ಶನಿವಾರ 19. ಹೋಗಲಾ? ಸಹಿ ಹಾಕಲಾ?

ಅರಸೀಕೆರೆಯ ಒಬ್ಬರು:
ಯೋಚನೆನೇ ಬೇಡ ಬ್ರದರ್. ವಜಾ ರದ್ದು ಅಂದ್ರೆ ವಜಾ ಆಗೇ ಇಲ್ಲ ಅಂತ ಅರ್ಥ. ಪೂರ್ತಿ ಸಂಬಳ ತಾನಾಗಿಯೇ ಬರಬೇಕು. ಕೊಡದಿದ್ರೆ ಲೇಬರ್ ಕೋರ್ಟಿನಲ್ಲಿ ವಸೂಲಿ ಅರ್ಜಿ ಹಾಕಿ, ಕೊಡಿಸ್ತಾರೆ. ದುಡ್ಡು ಕೈಗೆ ಬರೋವರೆಗೂ ಗೇಟ್ ಒಳಗೆ ಕಾಲಿಡಬೇಡಿ.

ಬೇಲೂರಿನ ಒಬ್ಬರು:
ನಮ್ಮ ಯಜಮಾನರದ್ದು ಸರ್ಕಾರಿ ನೌಕರಿ. ಅವರಿಗೂ ಸಸ್ಪೆನ್ಷನ್ ತೆಗೆದಾಗ ಹೀಗೇ ಗೊಂದಲ ಆಗಿತ್ತು. ಹೊರಗಿದ್ದ ಅವಧಿಯನ್ನು ಕರ್ತವ್ಯ ಅಂತ ಪರಿಗಣಿಸಬೇಕಾ, ರಜೆ ಅಂತ ಹಿಡಿಯಬೇಕಾ ಅಂತ ಬೇರೆಯೇ ಆದೇಶ ಆಗಬೇಕಾಯಿತು. ಆ ಆದೇಶ ಆಗೋವರೆಗೆ ಇನ್‌ಕ್ರಿಮೆಂಟ್ ನಿಂತುಬಿಟ್ಟಿತ್ತು. ನಿಮ್ಮ ಸಸ್ಪೆನ್ಷನ್ ತೆಗೆದ ಆದೇಶದಲ್ಲೂ ಅದನ್ನೇ ನೋಡಿ.

ಕಡೂರಿನಿಂದ, 26 ವರ್ಷ ಪರ್ಸನಲ್ ಆಫೀಸರ್ ಆಗಿದ್ದು ನಿವೃತ್ತರಾದವರು:
ಬೇಲೂರಿನ ಅಕ್ಕ ಹೇಳಿದ್ದು ಸರ್ಕಾರಿ ನಿಯಮ. ಇವರದ್ದು ಫ್ಯಾಕ್ಟರಿ, ಅದೂ ಬರೀ ಸಸ್ಪೆನ್ಷನ್ ಅಲ್ಲ, ವಜಾ. ಆದರೂ ಅವರ ಮಾತಿನಲ್ಲಿ ಒಂದು ಒಳ್ಳೆ ಅಂಶ ಇದೆ. ಹೊರಗಿದ್ದ ಅವಧಿಗೆ ಒಂದು ಹೆಸರು ಬೇಕು. ಅದು ಪತ್ರದಲ್ಲೇ ಬರೆದಿರಬೇಕು.

ಅರಸೀಕೆರೆಯವರ ಮಾತು ಕೇಳಿ ಸೋಮವಾರ ಮನೆಯಲ್ಲಿ ಕೂರಬೇಡಿ ತಮ್ಮಾ. ಇಂಥ ಪತ್ರಗಳನ್ನು ನಾನೇ ಟೈಪ್ ಮಾಡಿಸಿದ್ದೇನೆ. ಕರೆದ ದಿನ ಬರದೇ ಹೋದರೆ, ಬಾಕಿ ಸಂಬಳದ ಲೆಕ್ಕವನ್ನು ಅವತ್ತಿಗೇ ನಿಲ್ಲಿಸುತ್ತಾರೆ. ಆಮೇಲೆ "ಕೆಲಸ ಕೊಟ್ಟರೂ ಬರಲಿಲ್ಲ" ಅಂತ ಹೊಸ ನೋಟಿಸ್ ಕಳಿಸುತ್ತಾರೆ. ಗೆದ್ದ ಕೇಸು ಅಲ್ಲಿಂದ ಉಲ್ಟಾ ಹೊಡೆಯುತ್ತದೆ. ಹಾಜರಾಗುವುದು ಬೇರೆ, ಅವರ ನಕಲಿಗೆ ಸಹಿ ಹಾಕುವುದು ಬೇರೆ. ಹಾಜರಾಗಿ. ಆ ಸಹಿ ಮಾತ್ರ ಬೇಡ.

ಸೋಮವಾರ ಶಿಫ್ಟ್ ಹೊತ್ತಿಗೆ ಸರಿಯಾಗಿ ಹೋಗಿ. ನಿಮ್ಮದೇ ಹಾಜರಿ ಪತ್ರ ಎರಡು ಪ್ರತಿ ಇಟ್ಟುಕೊಂಡಿರಿ. ಹೀಗೆ ಬರೆಯಿರಿ: "ನಿಮ್ಮ ಪತ್ರದಂತೆ ಈ ದಿನ ಬೆಳಿಗ್ಗೆ ಇಷ್ಟು ಗಂಟೆಗೆ ಕೆಲಸಕ್ಕೆ ಹಾಜರಾಗಿದ್ದೇನೆ. ಬಾಕಿ ಸಂಬಳ, ಸರ್ವಿಸ್ ಮುಂದುವರಿಕೆ ಮತ್ತು ಇತರ ಸೌಲಭ್ಯಗಳ ಮೇಲಿನ ನನ್ನ ಹಕ್ಕನ್ನು ಉಳಿಸಿಕೊಂಡೇ ಹಾಜರಾಗಿದ್ದೇನೆ. 74,400 ರೂಪಾಯಿಯನ್ನು ಅಂತಿಮ ಲೆಕ್ಕ ಎಂದು ಒಪ್ಪಿಲ್ಲ." ಒಂದು ಪ್ರತಿ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಅವತ್ತೇ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ಎಚ್‌ಆರ್‌ನವರ ಇಮೇಲ್‌ಗೂ ಕಳಿಸಿ. ಗೇಟಿನಲ್ಲೇ ತಡೆದರೆ ಎಷ್ಟು ಗಂಟೆಗೆ ತಡೆದರು, ಯಾರು ತಡೆದರು ಅಂತ ಅದರಲ್ಲೇ ಸೇರಿಸಿ.

ಇನ್ನು ದುಡ್ಡು. ಪೂರ್ತಿ ಸಂಬಳ ತಾನಾಗಿಯೇ ಬರುವುದಿಲ್ಲ. 2013ರಲ್ಲಿ ದೀಪಾಲಿ ಗುಂಡು ಸುರ್ವಸೆ ಅನ್ನುವ ಶಿಕ್ಷಕಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು. ತಪ್ಪಾಗಿ ತೆಗೆದಿದ್ದರೆ ಸರ್ವಿಸ್ ಮುಂದುವರಿಕೆ, ಬಾಕಿ ಸಂಬಳ ಕೊಡುವುದೇ ಸಾಮಾನ್ಯ ನಿಯಮ. ಆದರೆ ಹೊರಗಿದ್ದಾಗ ಬೇರೆ ಕಡೆ ಅಷ್ಟೇ ಸಂಪಾದನೆ ಇರಲಿಲ್ಲ ಅಂತ ನೌಕರ ಮೊದಲು ಹೇಳಬೇಕು. ಹೇಳಿದ ಮೇಲೆ, ಇತ್ತು ಅಂತ ತೋರಿಸುವ ಹೊಣೆ ಮಾಲೀಕರದ್ದು. ನೀವು ಅಪೀಲಿನಲ್ಲಿ ಅದನ್ನು ಬರೆದಿದ್ದಿರಾ?

ಆ ವಸೂಲಿ ಅರ್ಜಿ ಈಗಲೇ ಬೇಡ. ಹಕ್ಕು ಈಗಾಗಲೇ ತೀರ್ಮಾನ ಆಗಿದ್ದರೆ ಮೊತ್ತ ಲೆಕ್ಕ ಹಾಕಿಸಿಕೊಳ್ಳಲು ಅದು ಸರಿ. ನಿಮ್ಮ ಆದೇಶ ಸಂಬಳದ ಬಗ್ಗೆ ಬಾಯೇ ಬಿಟ್ಟಿಲ್ಲ. ಹಕ್ಕೇ ತೀರ್ಮಾನ ಆಗಿಲ್ಲ ಅಂತ ಅವರ ವಕೀಲರು ಮೊದಲ ದಿನವೇ ಎದ್ದು ನಿಲ್ಲುತ್ತಾರೆ. ಮೊದಲು ಅಪೀಲ್ ಕೇಳಿದ ಅಧಿಕಾರಿಗೇ ಸ್ಪಷ್ಟನೆ ಕೇಳಿ ಬರೆಯಿರಿ. ಆರೋಪ ಸಾಬೀತಾಗಿಲ್ಲ ಅಂತ ಅವರೇ ಬರೆದಿದ್ದಾರೆ. ಶಿಕ್ಷೆ ಕಡಿಮೆ ಮಾಡಿದ್ದಲ್ಲ, ಆರೋಪವೇ ಬಿದ್ದುಹೋಗಿದೆ. ಅದು ನಿಮ್ಮ ಕೈಯಲ್ಲಿರುವ ದೊಡ್ಡ ಬಲ. ಅವರು ಉತ್ತರ ಕೊಡದಿದ್ದರೆ ಹಾಸನದ ಲೇಬರ್ ಆಫೀಸಿನಲ್ಲಿ ರಾಜಿ ಮಾತುಕತೆಗೆ ಅರ್ಜಿ ಕೊಡಿ.

ತಿಂಗಳ ಸಂಬಳ ಎಷ್ಟು, ಇನ್‌ಕ್ರಿಮೆಂಟ್ ಯಾವಾಗ, ಪಿಎಫ್ ತೆಗೆದಿದ್ದೀರಾ ಅಂತ ತಿಳಿಸಿ. ಲೆಕ್ಕ ಹಾಕಿ ತೋರಿಸುತ್ತೇನೆ.

ಕೇಳಿದವರು:
ಸರ್, ಸಂಬಳ 18,600. ಬೇಸಿಕ್, ಡಿಎ ಸೇರಿ 14,000. ಜೊತೆಯವರಿಗೆಲ್ಲ 2024ರ ಏಪ್ರಿಲ್‌ನಿಂದ 800 ಜಾಸ್ತಿ ಆಗಿದೆ. ಸಸ್ಪೆನ್ಷನ್‌ನಲ್ಲಿ ಅರ್ಧ ಸಂಬಳ ಕೊಟ್ಟಿದ್ರು. ಪಿಎಫ್ ಕಳೆದ ವರ್ಷ ತೆಗೆದುಬಿಟ್ಟೆ, ಮನೇಲಿ ಕಷ್ಟ ಇತ್ತು. ಒಂಬತ್ತು ತಿಂಗಳು ಆಲೂರು ಕಡೆ ಗೂಡ್ಸ್ ಆಟೋ ಓಡಿಸಿದ್ದೆ. ಖರ್ಚು ಕಳೆದು ತಿಂಗಳಿಗೆ ಏಳೆಂಟು ಸಾವಿರ ಸಿಗ್ತಿತ್ತು. ಅಪೀಲಿನಲ್ಲಿ ಆ ವಿಷಯ ಬರೆದಿಲ್ಲ.

ಕಡೂರಿನ ನಿವೃತ್ತರು:
ಸರಿ. 2024ರ ಫೆಬ್ರುವರಿಯಿಂದ 2025ರ ಮಾರ್ಚ್‌ವರೆಗೆ 14 ತಿಂಗಳು. 18,600ರಂತೆ 2,60,400. ಈ ಏಪ್ರಿಲ್‌ನ 20 ದಿನಕ್ಕೆ 12,400. ಒಟ್ಟು 2,72,800. ಇನ್‌ಕ್ರಿಮೆಂಟ್ 800ರಂತೆ 12 ತಿಂಗಳಿಗೆ 9,600, ಈ 20 ದಿನಕ್ಕೆ 533. ಈ ವರ್ಷದ ಏಪ್ರಿಲ್‌ನ ಇನ್‌ಕ್ರಿಮೆಂಟ್ ಇದರಲ್ಲಿ ಸೇರಿಲ್ಲ.

ಇಲ್ಲಿ ಎಲ್ಲರೂ ಮರೆಯುವುದು ಸಸ್ಪೆನ್ಷನ್ ಅವಧಿ. ನವೆಂಬರ್ 3ರಿಂದ ಜನವರಿ 31ಕ್ಕೆ ಸರಿಯಾಗಿ 90 ದಿನ. ಆಗ ಅರ್ಧ ಕೊಟ್ಟಿದ್ದರು. ಆರೋಪ ಬಿದ್ದುಹೋದ ಮೇಲೆ ಉಳಿದರ್ಧವನ್ನೂ ಕೇಳಬೇಕು, ಅದು 27,900. ಎಲ್ಲ ಸೇರಿ 3,10,833. ಅವರು ತೋರಿಸುತ್ತಿರುವುದು 74,400. ಬಾಕಿ ಸಂಬಳದಲ್ಲಿ ನಿಮ್ಮ ಪಾಲಿನ ಪಿಎಫ್ ಕಡಿತ ಆಗುತ್ತದೆ. ಹಳೆ ಬೇಸಿಕ್ ಮೇಲೆ ತಿಂಗಳಿಗೆ 1,680. ಅಷ್ಟೇ ಮೊತ್ತ ಅವರೂ ಕಟ್ಟಬೇಕು. "ಒಟ್ಟು ಪರಿಹಾರ" ಅಂತ ಕೊಟ್ಟರೆ ಪಿಎಫ್ ಕಟ್ಟದೇ ತಪ್ಪಿಸಿಕೊಳ್ಳಲು ನೋಡುತ್ತಾರೆ. ಅದಕ್ಕೇ "ಬಾಕಿ ಸಂಬಳ" ಅನ್ನುವ ಪದವೇ ಪತ್ರದಲ್ಲಿ ಇರಲಿ.

ಸರ್ವಿಸ್ ಮುಂದುವರಿಕೆ ನಿಮಗೆ ದುಡ್ಡಿನಷ್ಟೇ ದೊಡ್ಡದು. 2019ರ ಜೂನ್‌ನಿಂದ ಎಣಿಸಿದರೆ ಗ್ರಾಚ್ಯುಟಿಗೆ ಬೇಕಾದ ಐದು ವರ್ಷ ಹೋದ ಜೂನ್‌ಗೇ ತುಂಬಿತು. ಇವತ್ತಿನ ಲೆಕ್ಕಕ್ಕೆ 5 ವರ್ಷ 10 ತಿಂಗಳು. ಆರು ತಿಂಗಳು ಮೀರಿದ್ದರಿಂದ ಅದನ್ನು ಆರು ಅಂತ ಹಿಡಿಯುತ್ತಾರೆ. 14,000ಕ್ಕೆ ವರ್ಷಕ್ಕೆ ಹದಿನೈದು ದಿನದಂತೆ, 26 ದಿನದ ತಿಂಗಳಿಗೆ ಭಾಗಿಸಿದರೆ ಸುಮಾರು 48,460 ರೂಪಾಯಿ. ಪತ್ರದಲ್ಲಿ "ಹೊಸದಾಗಿ ನೇಮಕ" ಅಂತ ಒಂದು ಪದ ನುಸುಳಿದರೂ ಅದೆಲ್ಲ ಸೊನ್ನೆಯಿಂದ ಶುರು. ಪತ್ರದಲ್ಲಿ ಈ ಸಾಲು ಕೇಳಿ: "ವಜಾ ಆದ ದಿನದಿಂದ ಹಾಜರಾದ ದಿನದವರೆಗಿನ ಅವಧಿಯನ್ನು ಎಲ್ಲ ಉದ್ದೇಶಗಳಿಗೂ ಕರ್ತವ್ಯದಲ್ಲಿದ್ದ ಅವಧಿ ಎಂದು ಪರಿಗಣಿಸಲಾಗಿದೆ. ಸಸ್ಪೆನ್ಷನ್ ಅವಧಿಗೂ ಇದು ಅನ್ವಯ."

ಸಕಲೇಶಪುರದಿಂದ ಒಬ್ಬ ಬಸ್ ಡ್ರೈವರ್:
ಸರ್ ಹೇಳಿದ "ಎಲ್ಲ ಉದ್ದೇಶಗಳಿಗೂ" ಅನ್ನೋದನ್ನು ಬಿಡಲೇಬೇಡಿ ಅಣ್ಣ. ನನ್ನ ಪತ್ರದಲ್ಲಿ ಬರೀ "ಸರ್ವಿಸ್ ಮುಂದುವರಿಕೆಯೊಂದಿಗೆ" ಅಂತಿತ್ತು. ಸೀನಿಯಾರಿಟಿ ಸಿಕ್ತು. ಮೂರು ಇನ್‌ಕ್ರಿಮೆಂಟ್ ಸಿಗಲಿಲ್ಲ. ಕೇಳಿದರೆ ಸುಪ್ರೀಂ ಕೋರ್ಟಿನ 2003ರ ತೀರ್ಪು ತೋರಿಸಿದರು. ಸರ್ವಿಸ್ ಮುಂದುವರಿಕೆ ಅಂದ ಮಾತ್ರಕ್ಕೆ ಹೊರಗಿದ್ದ ಕಾಲದ ಇನ್‌ಕ್ರಿಮೆಂಟ್ ತಾನಾಗಿ ಸೇರಲ್ಲ, ಅದನ್ನು ಬಾಯಿಬಿಟ್ಟು ಬರೆದಿರಬೇಕು ಅಂತ. ನನ್ನ ಜೊತೆಗೆ ಸೇರಿದವರ ಬೇಸಿಕ್ ಇವತ್ತಿಗೂ ನನಗಿಂತ ಜಾಸ್ತಿ.

ಮೂಡಿಗೆರೆಯಿಂದ, ಎಸ್ಟೇಟಿನಲ್ಲಿ ರೈಟರ್ ಆಗಿರುವವರು:
ಆಟೋ ವಿಷಯ ಮುಚ್ಚಿಡಬೇಡಿ. ಇದನ್ನು ಹೇಳೋಕೇ ಬರೀತಿದ್ದೇನೆ. ನನ್ನನ್ನು ಒಂದು ತೋಟದಿಂದ ತೆಗೆದಿದ್ದರು. ಆಮೇಲೆ ವಾಪಸ್ ತಗೊಂಡರು. ಹೊರಗಿದ್ದಾಗ ಕುಯ್ಲಿನ ಕಾಲದಲ್ಲಿ ಪಕ್ಕದ ತೋಟದಲ್ಲಿ ಮೂರು ತಿಂಗಳು ಕೆಲಸ ಮಾಡಿದ್ದೆ. ಅಫಿಡವಿಟ್‌ನಲ್ಲಿ "ಏನೂ ಸಂಪಾದನೆ ಇಲ್ಲ" ಅಂತ ಬರೆದೆ. ಅವರು ಆ ತೋಟದ ಮಸ್ಟರ್ ರೋಲ್ ತಂದು ಮುಂದಿಟ್ಟರು. ನನ್ನ ಹೆಸರು, ಹೆಬ್ಬೆಟ್ಟು, ದಿನದ ಕೂಲಿ ಎಲ್ಲ ಇತ್ತು. ಮೂರು ತಿಂಗಳ ಕೂಲಿ ಕಳೆದಿದ್ದರೆ ಬೇಸರ ಇರಲಿಲ್ಲ. ನನ್ನ ಮಾತನ್ನೇ ನಂಬಬಾರದು ಅಂತ ಆಯಿತು. ಕೊನೆಗೆ ಕಾಲು ಭಾಗಕ್ಕೆ ಒಪ್ಪಿಕೊಂಡೆ.

ಅರಸೀಕೆರೆಯ ಒಬ್ಬರು:
ವಸೂಲಿ ಅರ್ಜಿ ಬಗ್ಗೆ ನಾನು ಹೇಳಿದ್ದು ಅವಸರ ಆಯಿತು, ಒಪ್ಪಿದೆ. ಆದರೆ ಆಟೋ ಸಂಪಾದನೆ ಯಾಕೆ ಕಳೀಬೇಕು? ಹೊಟ್ಟೆಪಾಡಿಗೆ ಓಡಿಸಿದ್ದು. ಮನೇಲಿ ಕೂತು ಉಪವಾಸ ಇದ್ದಿದ್ದರೆ ಪೂರ್ತಿ ಸಿಗ್ತಿತ್ತು, ದುಡಿದಿದ್ದಕ್ಕೆ ಕಡಿತನಾ?

ಕಡೂರಿನ ನಿವೃತ್ತರು:
ನ್ಯಾಯವಾದ ಪ್ರಶ್ನೆಯೇ. ಹೊಟ್ಟೆಪಾಡಿನ ಚಿಲ್ಲರೆ ಕೆಲಸವನ್ನು ಲಾಭದ ಉದ್ಯೋಗ ಅಂತ ಹಿಡಿಯಬಾರದು ಅಂತ ವಾದ ಮಾಡಬಹುದು, ಮಾಡಿ ಗೆದ್ದವರನ್ನು ನೋಡಿದ್ದೇನೆ. ಪೂರ್ತಿ ಕಳೆದಿದ್ದನ್ನೂ ನೋಡಿದ್ದೇನೆ. ತಿಂಗಳಿಗೆ 8,000 ಅಂತ ಹಿಡಿದು ಒಂಬತ್ತು ತಿಂಗಳು ಕಳೆದರೂ ಹೋಗುವುದು 72,000. ಆಗಲೂ 2,38,833 ಉಳಿಯುತ್ತದೆ. ಅದಕ್ಕೆ ಹೆದರಿ ಸುಳ್ಳು ಬರೆಯುವುದು ಬೇಡ. ಮೂಡಿಗೆರೆಯವರಿಗೆ ಆದದ್ದು ನೋಡಿದಿರಲ್ಲ.

ಪಿಎಫ್ ವಿಷಯಕ್ಕೆ ಬರೋಣ. ಫಾರಂ 19 ಮಾತ್ರ ಹಾಕಿದ್ದಿರಾ, 10ಸಿ ಕೂಡ ಹಾಕಿದ್ದಿರಾ? 19ರಲ್ಲಿ ಪಿಎಫ್ ದುಡ್ಡು ಬರುತ್ತದೆ. 10ಸಿ ಹಾಕಿ ಪೆನ್ಷನ್ ಭಾಗದ ದುಡ್ಡನ್ನೂ ತೆಗೆದಿದ್ದರೆ ಪೆನ್ಷನ್‌ಗೆ ಬೇಕಾದ ಹತ್ತು ವರ್ಷದ ಲೆಕ್ಕಕ್ಕೆ ಪೆಟ್ಟು ಬೀಳುತ್ತದೆ. ಇನ್ನೊಂದು, ಕಂಪನಿ ಪೋರ್ಟಲ್‌ನಲ್ಲಿ ನೀವು ಕೆಲಸ ಬಿಟ್ಟ ತಾರೀಖು ಹಾಕಿರುತ್ತದೆ. ಅದನ್ನು ತೆಗೆಸದೆ ಹೊಸ ಮೆಂಬರ್ ಐಡಿ ಮಾಡಿಕೊಟ್ಟರೆ, ಕಾಗದದಲ್ಲಿ ನೀವು ಹೊಸಬರೇ. ಇಬ್ಬರೂ ಸಹಿ ಹಾಕಿ ಜಾಯಿಂಟ್ ಡಿಕ್ಲರೇಷನ್ ಕೊಟ್ಟು ಸರಿಮಾಡಿಸಬೇಕು.

ಹೊಳೆನರಸೀಪುರದಿಂದ, ಅಕೌಂಟ್ಸ್ ಕೆಲಸದವರು:
ಎರಡೂವರೆ ಮೂರು ಲಕ್ಷ ಒಂದೇ ವರ್ಷದಲ್ಲಿ ಬಂದರೆ ಆ ವರ್ಷದ ಆದಾಯ ದೊಡ್ಡದಾಗಿ ಕಾಣುತ್ತದೆ. ಯಾವ ತಿಂಗಳಿಗೆ ಎಷ್ಟು ಅಂತ ಪಟ್ಟಿ ಕಂಪನಿಯಿಂದ ತಗೊಳ್ಳಿ. ತೆರಿಗೆ ಬೀಳುವ ಹಾಗಿದ್ದರೆ, ಹಿಂದಿನ ವರ್ಷದ ಬಾಕಿಗೆ ಫಾರಂ 10ಇ ಹಾಕಿ ರಿಲೀಫ್ ಕೇಳಬಹುದು. ರಿಟರ್ನ್‌ಗಿಂತ ಮೊದಲೇ ಅದನ್ನು ಆನ್‌ಲೈನ್‌ನಲ್ಲಿ ಹಾಕಿರಬೇಕು.

ಕೇಳಿದವರು, ಸೋಮವಾರ ಸಂಜೆ:
ಹೋಗಿ ಬಂದೆ. ಬೆಳಿಗ್ಗೆ 8.40ಕ್ಕೆ ಗೇಟಿನಲ್ಲಿದ್ದೆ, 11 ಗಂಟೆವರೆಗೆ ಕೂರಿಸಿದರು. ನಕಲಿಗೆ ಸಹಿ ಹಾಕದೆ ಒಳಗೆ ಬಿಡಲ್ಲ ಅಂದರು. ಸರ್ ಹೇಳಿದ ಹಾಗೆ ಹಾಜರಿ ಪತ್ರ ಕೊಟ್ಟೆ. ಎಚ್‌ಆರ್ ಮೇಡಂ ಯಾರಿಗೋ ಫೋನ್ ಮಾಡಿ ಮಾತಾಡಿದರು, ಆಮೇಲೆ ಸೀಲು ಹಾಕಿ ಕೊಟ್ಟರು. ಕೆಲಸಕ್ಕೆ ಕೂರಿಸಿದ್ದಾರೆ. ಆದರೆ ಸ್ಟೋರ್ಸ್‌ನಲ್ಲಿ ಅಲ್ಲ, ಪ್ಯಾಕಿಂಗ್‌ನಲ್ಲಿ. ಇದಕ್ಕೂ ಏನಾದರೂ ಬರೆದು ಕೊಡಬೇಕಾ ಸರ್? 10ಸಿ ಹಾಕಿದ್ದೆನಾ ಅಂತ ಪಾಸ್‌ಬುಕ್ ನೋಡಿ ಹೇಳ್ತೇನೆ.

ಕಡೂರಿನ ನಿವೃತ್ತರು:
ಬರೆಯಲೇಬೇಕು. ಇವತ್ತೇ ಬರೆಯಿರಿ. ವಜಾಕ್ಕೆ ಮುಂಚೆ ಇದ್ದ ಹುದ್ದೆ ಯಾವುದು, ಈಗ ಕೂರಿಸಿದ್ದು ಎಲ್ಲಿ, ಗ್ರೇಡ್ ಅದೇನಾ ಅಂತ ಕೇಳಿ ಮೂರು ಸಾಲು ಸಾಕು. ಸಂಬಳ, ಗ್ರೇಡ್ ಬದಲಾಗದಿದ್ದರೆ ಜಾಗ ಬದಲಿಸುವ ಅಧಿಕಾರ ಅವರಿಗೆ ಇರಬಹುದು. ಅದು ನಿಮ್ಮ ನೇಮಕಾತಿ ಪತ್ರ ನೋಡದೆ ಹೇಳಲಾಗದು. ನಾಳೆ ಅದರ ಫೋಟೋ ಕಳಿಸಿ, ಹೆಸರು ವಿಳಾಸ ಮುಚ್ಚಿ.