ಕಂತಿನ ತಾರೀಕಿಗೆ EDATE ಹಾಕಬೇಕಾ, EOMONTH ಹಾಕಬೇಕಾ?

ಕೇಳಿದವರು, ಕಾರವಾರ: ಎಕ್ಸೆಲ್ ಶೀಟಿನಲ್ಲಿ ಸಾಲದ ಕಂತಿನ ಪಟ್ಟಿ ಮಾಡುತ್ತಿದ್ದೇನೆ. ಮೊದಲ ಕಂತು ಜನವರಿ 31. ಮುಂದಿನ ತಾರೀಕುಗಳಿಗೆ EDATE ಒಳ್ಳೆಯದಾ, EOMONTH ಒಳ್ಳೆಯದಾ? ಮಾಡಿ ನೋಡಿದವರು ಹೇಳಿ.

ಶಿರಸಿ, ಅಡಿಕೆ ಮಂಡಿಯ ಲೆಕ್ಕ ಬರೆಯುವವನು: ನಾನು EDATE ಹಾಕಿ ಪೆಟ್ಟು ತಿಂದವನು. ಗೋದಾಮಿನ ಸಾಲ, ಕಂತು 4 ಲಕ್ಷ, ಶುರು 31 ಜನವರಿ 2025. B3ಯಲ್ಲಿ ಹೀಗೆ ಬರೆದು ಕೆಳಗೆ ಎಳೆದೆ:

```
=EDATE(B2,1)
```

ಫೆಬ್ರವರಿ 28 ಬಂತು, ಸರಿಯೇ. ಆದರೆ ಮಾರ್ಚ್‌ಗೂ 28, ಏಪ್ರಿಲ್‌ಗೂ 28. ಒಂದು ಸಲ 28ಕ್ಕೆ ಇಳಿದದ್ದು ಮತ್ತೆ 31ಕ್ಕೆ ಏರಲೇ ಇಲ್ಲ. ಯಾಕಂದರೆ B4 ನೋಡುವುದು B3ಯನ್ನು, ಅಲ್ಲಿರುವುದು ಬರೀ 28. ಮೊದಲು 31 ಇತ್ತು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಶೀಟ್ ನಂಬಿ ಮಾರ್ಚ್ 28ಕ್ಕೇ ಓವರ್‌ಡ್ರಾಫ್ಟ್ ಖಾತೆಯಿಂದ ದುಡ್ಡು ಎತ್ತಿದೆ. ಮೂರು ದಿನ ಮುಂಚೆ. 12 ಪರ್ಸೆಂಟ್ ಬಡ್ಡಿ, ಮಾರ್ಚ್ ತಿಂಗಳೊಂದಕ್ಕೇ 394 ರೂಪಾಯಿ ದಂಡ. ಏಪ್ರಿಲ್‌ನಲ್ಲಿ ಎರಡು ದಿನಕ್ಕೆ 263. ಸಾಹುಕಾರರು ಸಾಲು ಸಾಲಾಗಿ ಲೆಕ್ಕ ಕೇಳಿದರು. ಆಮೇಲೆ ಎಲ್ಲ ಸಾಲೂ ಮೊದಲ ತಾರೀಕನ್ನೇ ನೋಡುವ ಹಾಗೆ ಮಾಡಿದೆ. A ಕಾಲಂನಲ್ಲಿ 1, 2, 3 ಅಂತ ತಿಂಗಳ ಎಣಿಕೆ:

```
=EDATE($B$2,A3)
```

ಈಗ 28 ಫೆಬ್ರವರಿ, 31 ಮಾರ್ಚ್, 30 ಏಪ್ರಿಲ್ ಸರಿಯಾಗಿ ಬರುತ್ತದೆ.

ಕುಮಟಾ, ಅಂಗಡಿ: ಇಷ್ಟೆಲ್ಲ ಯಾಕೆ? EOMONTH ಹಾಕಿ, ಮುಗೀತು. ನನ್ನ ಮೂರು ಅಂಗಡಿಗಳ ಬಾಡಿಗೆ ಪಟ್ಟಿ ಆರು ವರ್ಷದಿಂದ `=EOMONTH(B2,1)` ಮೇಲೇ ನಡೆದಿದೆ. ಹೇಗೆ ಎಳೆದರೂ ತಿಂಗಳ ಕೊನೆಯೇ ಬರುತ್ತದೆ. EDATE ಕಂತಿನ ಕೆಲಸಕ್ಕೆ ಬರುವುದೇ ಇಲ್ಲ.

ಕಾರವಾರ, ಆಡಿಟರ್ ಆಫೀಸಿನಲ್ಲಿದ್ದೇನೆ: ಕುಮಟಾದವರೇ, ಬಾಡಿಗೆಗೆ ಅದು ನಡೆಯುತ್ತದೆ. ಎಲ್ಲದಕ್ಕೂ ಅನ್ನಬೇಡಿ. ನಮ್ಮ ಮನೆ ಸಾಲ ಜನವರಿ 30ಕ್ಕೆ ಶುರು, ಕರಾರಿನಲ್ಲಿ 'ಪ್ರತಿ ತಿಂಗಳ 30' ಅಂತಿದೆ. ನನ್ನ ತಮ್ಮ EOMONTH ಹಾಕಿದ. ಶೀಟ್ ಮಾರ್ಚ್ 31 ತೋರಿಸಿತು. ಬ್ಯಾಂಕು 30ಕ್ಕೇ ಕಡಿತಕ್ಕೆ ಹಾಕಿತು, ದುಡ್ಡು ಬಿದ್ದದ್ದು 31ಕ್ಕೆ. 590 ರೂಪಾಯಿ ಹೋಯಿತು, ಮೇಲಿಂದ ಕ್ರೆಡಿಟ್ ರಿಪೋರ್ಟಿನಲ್ಲಿ ಕಲೆ. ಅದು ನನಗೆ ಇನ್ನೂ ಉರಿಯುತ್ತದೆ.

ಉಲ್ಟಾ ತಪ್ಪೂ ಆಗುತ್ತದೆ. ಕರಾರಿನಲ್ಲಿ 'ತಿಂಗಳ ಕೊನೆಯ ದಿನ' ಅಂತಿದ್ದು ಮೊದಲ ಕಂತು ಏಪ್ರಿಲ್ 30 ಅಂದುಕೊಳ್ಳಿ. EDATE ಮೇ 30 ಕೊಡುತ್ತದೆ, EOMONTH ಮೇ 31. ಬೇಕಾದದ್ದು 31. ಎರಡು ಕಡೆಯೂ 30ರಿಂದಲೇ ಶುರು, ಉತ್ತರ ಬೇರೆ. ಅದಕ್ಕೇ ತಾರೀಕು ನೋಡಿ ಹೇಳಲು ಆಗುವುದಿಲ್ಲ, ಕರಾರಿನ ಸಾಲು ಓದಬೇಕು. ಶುರು 31 ಆಗಿದ್ದು, EDATE ಮೊದಲ ತಾರೀಕನ್ನೇ ನೋಡುತ್ತಿದ್ದರೆ, ಎರಡೂ ಒಂದೇ ಉತ್ತರ ಕೊಡುತ್ತವೆ.

ಕುಮಟಾ: ನಿಮ್ಮ ತಮ್ಮ ಕರಾರು ಓದದೇ ಇದ್ದರೆ ಅದು EOMONTH ತಪ್ಪಾ?

ಕಾರವಾರ, ಆಡಿಟರ್ ಆಫೀಸು: ಯಾವುದಕ್ಕೂ ಅದೇ ಸಾಕು ಅಂದದ್ದು ನೀವು. ನಾನು ಅದಕ್ಕೇ ಹೇಳಿದ್ದು.

ಹೊನ್ನಾವರ: ನಂಗೆ EDATE ತಾರೀಕು ಕೊಡುವುದೇ ಇಲ್ಲ, 45716 ಅಂತ ಬರುತ್ತದೆ. ಅದು ಬಡ್ಡಿ ಸೇರಿದ ಮೊತ್ತವಾ?

ಶಿರಸಿ: ಅಲ್ಲ ಮಾರಾಯರೇ, ಅದೇ ನಿಮ್ಮ ತಾರೀಕು, 28 ಫೆಬ್ರವರಿ 2025. ಸೆಲ್‌ನ ಫಾರ್ಮ್ಯಾಟ್ ದಿನಾಂಕ ಅಂತ ಬದಲಿಸಿ.

ಅಂಕೋಲಾ, ಬೋಟಿನವಳು: ನಮ್ಮ ಕಷ್ಟ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್. ಆ ಎರಡು ತಿಂಗಳು ಕಂತು ಬೇಡ ಅಂತ ಸಾಲ ಕೊಟ್ಟವರು ಒಪ್ಪಿದ್ದಾರೆ. ಮೇಲಿನ ಸಾಲಿಗೆ ಒಂದು ಕೂಡಿಸುತ್ತ ಹೋಗುವ ಪಟ್ಟಿಯಲ್ಲಿ ಆ ಎರಡು ಸಾಲು ಅಳಿಸಿದರೆ ಕೆಳಗಿನದೆಲ್ಲ #REF! ಆಗಿ ಕೂರುತ್ತದೆ. ಮೂರು ಸಂಜೆ ಹಾಳಾಯಿತು. ಶಿರಸಿಯವರ ಹಾಗೆ A ಕಾಲಂ ಇಟ್ಟ ಮೇಲೆ 4ರ ನಂತರ ನೇರವಾಗಿ 7 ಬರೆದೆ. ಮೇ 31ರ ಕೆಳಗೆ ಆಗಸ್ಟ್ 31 ಬಂದು ಕೂತಿತು.

ಕುಮಟಾ: `=EOMONTH($B$2,A3)` ಬರೆದರೂ ಅದೇ ಬರುತ್ತದೆ, ಅಕ್ಕ.

ಅಂಕೋಲಾ: ಬರಬಹುದು ಅಣ್ಣ, ನನ್ನದು 31ರಿಂದ ಶುರು. ಆದರೆ 2025ರ ಆಗಸ್ಟ್ 31 ಭಾನುವಾರ. ಎರಡರಲ್ಲೂ ಭಾನುವಾರ ಅಂತ ನೋಡುವ ಏರ್ಪಾಡಿಲ್ಲ.

ಶಿರಸಿ: ಶನಿವಾರಕ್ಕೆ ಎಳೆಯಿರಿ. ನಾವು ಹಾಗೇ ಮಾಡುತ್ತೇವೆ.

```
=WORKDAY.INTL(B7+1,-1,11)
```

11 ಅಂದರೆ ಭಾನುವಾರ ಮಾತ್ರ ರಜೆ.

ಕಾರವಾರ, ಆಡಿಟರ್ ಆಫೀಸು: ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, ಅದು ಇದರಲ್ಲಿ ಬರುವುದಿಲ್ಲ. ಆ ತಾರೀಕುಗಳನ್ನು ಬೇರೆ ಪಟ್ಟಿ ಮಾಡಿ ನಾಲ್ಕನೇ ಜಾಗದಲ್ಲಿ ಕೊಡಬೇಕು. ಹಿಂದಕ್ಕೆ ಎಳೆಯುವುದೂ ಎಲ್ಲರ ಕರಾರಿಗೆ ಹೊಂದುವುದಿಲ್ಲ. ಕೆಲವರದು ಮುಂದಿನ ಕೆಲಸದ ದಿನ.

ಅಂಕೋಲಾ: ನನ್ನ ಪತ್ರದಲ್ಲಿ ರಜೆಯ ಮಾತೇ ಇಲ್ಲ. ಕೌಂಟರಿನಲ್ಲಿ ಒಬ್ಬರು ಹಿಂದಿನ ದಿನ ಅಂದರು, ಇನ್ನೊಬ್ಬರು ಸೋಮವಾರ ಅಂದರು.